ಟೆರೇಸ್ ಶೀಟ್‌ಗೆ ಮೂರು ಕೊಟೇಷನ್ ಬಂದಿದೆ, ಮೂರೂ ಮೂರು ತರಹ. ಹೋಲಿಸಲು ಬರುವ ಹಾಗೆ ಕೇಳುವುದು ಹೇಗೆ?

ಬಿಜೈ_ಕಾರ್ಯದರ್ಶಿ

ನಮಸ್ಕಾರ. ಮಂಗಳೂರು ಬಿಜೈಯಲ್ಲಿ ನಮ್ಮದು 24 ಮನೆಗಳ ಅಪಾರ್ಟ್‌ಮೆಂಟ್. ಪ್ರತಿ ಮಳೆಗಾಲ ಮೇಲಿನ ನಾಲ್ಕು ಮನೆಗಳಲ್ಲಿ ಸೋರುತ್ತದೆ. ಎರಡು ಸಲ ವಾಟರ್‌ಪ್ರೂಫಿಂಗ್ ಮಾಡಿಸಿದ್ದಾಯಿತು. ಈ ಸಲ ಟೆರೇಸ್‌ಗೆ ಪೂರ್ತಿ ಶೀಟ್ ಹಾಕಿಸುವುದು ಅಂತ ಸಭೆಯಲ್ಲಿ ತೀರ್ಮಾನ ಆಗಿದೆ. ಟೆರೇಸ್ 40 ಅಡಿ ಅಗಲ, 50 ಅಡಿ ಉದ್ದ. ಮಳೆ ಹಿಡಿಯುವ ಮುಂಚೆ, ಪತ್ತನಾಜೆಯೊಳಗೆ ಕೆಲಸ ಮುಗಿಯಬೇಕು.

ಮೂವರನ್ನು ಕರೆಸಿ ಜಾಗ ತೋರಿಸಿದೆ, ಕೊಟೇಷನ್ ಕೊಡಿ ಅಂದೆ. ಮೊದಲನೆಯವರು ಲೆಟರ್‌ಹೆಡ್‌ನಲ್ಲಿ ಚದರಡಿಗೆ 210 ರೂಪಾಯಿ ಅಂತ ಬರೆದಿದ್ದಾರೆ. ಎರಡನೆಯವರು ಚದರಡಿಗೆ 245, ಎಲ್ಲ ಸೇರಿ. ಮೂರನೆಯವರು ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ್ದಾರೆ. ಅದರಲ್ಲಿ ಕಬ್ಬಿಣ ಕೆಜಿಗೆ 105, ಶೀಟ್ ಚದರಡಿಗೆ 68, ಗಟರ್ ಅಡಿಗೆ 260, ಅಷ್ಟೆ. ಒಟ್ಟು ಎಷ್ಟಾಗುತ್ತದೆ ಅಂತ ಇಲ್ಲ.

ಕಮಿಟಿಯವರು 210ರವರಿಗೆ ಕೊಡಿ, ಕಮ್ಮಿ ಉಂಟಲ್ವಾ ಅಂತಿದ್ದಾರೆ. ನನಗೆ ಧೈರ್ಯ ಬರುತ್ತಿಲ್ಲ. ಇನ್ನೊಮ್ಮೆ ಸರಿಯಾಗಿ ಕೇಳೋಣ ಅಂತಿದ್ದೇನೆ. ಪತ್ರದಲ್ಲಿ ಎಂತ ಬರೆದರೆ ಎಲ್ಲರ ಉತ್ತರವೂ ಒಂದೇ ಅಳತೆಗೆ ಬರುತ್ತದೆ?

ಕಾಪು_ಕಡಲು

ನನ್ನ ಪರಿಚಯದವರು ಒಬ್ಬರು ಇದ್ದಾರೆ, ಕಾಪು, ಪಡುಬಿದ್ರಿ ಕಡೆ ತುಂಬ ಮನೆಗೆ ಹಾಕಿದ್ದಾರೆ. ಕೆಲಸ ಒಳ್ಳೆಯದು. ನಂಬರ್ ಬೇಕಿದ್ದರೆ ಮೆಸೇಜ್ ಮಾಡಿ. ಚದರಡಿಗೆ 200ಕ್ಕೆ ಮಾಡಿಕೊಡಬಹುದು.

ಬಿಜೈ_ಕಾರ್ಯದರ್ಶಿ

ಥ್ಯಾಂಕ್ಸ್ ಸರ್, ಖಂಡಿತ ಅವರಿಗೂ ಕಳಿಸುತ್ತೇನೆ. ಆದರೆ ನನಗೆ ಈಗ ಬೇಕಾದ್ದು ಕೇಳುವ ಕ್ರಮ. ನೀವು ಹೇಳಿದ 200 ಯಾವ ಅಳತೆಗೆ ಅಂತ ನನಗೆ ಗೊತ್ತಾಗುವುದಿಲ್ಲ, ಅದೇ ತೊಂದರೆ.

ಖರೀದಿ_22ವರ್ಷ

ನಾನು ಒಂದು ಕಾರ್ಖಾನೆಯ ಪರ್ಚೇಸ್ ವಿಭಾಗದಲ್ಲಿ ಇದ್ದವನು, ಈಗ ನಿವೃತ್ತಿ. ಮೊದಲು ನಿಮ್ಮ 210 ಮತ್ತು 245ರ ಲೆಕ್ಕ ಮಾಡೋಣ.

210ರವರ ಕೊಟೇಷನ್‌ನಲ್ಲಿ ಕೆಳಗೆ ಎಲ್ಲಾದರೂ "ಶೀಟ್ ಅಳತೆ ಪ್ರಕಾರ" ಅಂತ ಬರೆದಿದೆಯಾ ನೋಡಿ. ಟೆರೇಸ್ 40 ಗುಣಿಸು 50, ಅಂದರೆ 2,000 ಚದರಡಿ. ಆದರೆ ಶೀಟ್ ಗೋಡೆಯ ಅಂಚಿಗೇ ನಿಲ್ಲುವುದಿಲ್ಲ. ನಮ್ಮ ಕಡೆ ಗಾಳಿಮಳೆಗೆ ಸುತ್ತಲೂ ಎರಡು ಅಡಿಯಾದರೂ ಹೊರಗೆ ಚಾಚಬೇಕು. ಆಗ 44 ಗುಣಿಸು 54 ಆಯಿತು, 2,376. ಮೇಲೆ ಇಳಿಜಾರು. 15 ಡಿಗ್ರಿ ಇಳಿಜಾರಿಗೆ ಸುಮಾರು ಮೂರೂವರೆ ಪರ್ಸೆಂಟ್ ಜಾಸ್ತಿ. ಹತ್ತಿರ ಹತ್ತಿರ 2,460 ಚದರಡಿ ಶೀಟ್.

210 ಗುಣಿಸು 2,460 ಅಂದರೆ 5,16,600. ಜಿಎಸ್‌ಟಿ ಬೇರೆ ಅಂತಿದ್ದರೆ 18 ಪರ್ಸೆಂಟ್ ಸೇರಿಸಿ, 6,09,588. ಎರಡನೆಯವರು ಟೆರೇಸ್ ಅಳತೆಗೆ, ಎಲ್ಲ ಸೇರಿ ಅಂದಿದ್ದರೆ 245 ಗುಣಿಸು 2,000, ಬರೀ 4,90,000. ನಿಮ್ಮ ಕಮಿಟಿಗೆ ಕಮ್ಮಿ ಕಂಡದ್ದು ಒಂದು ಲಕ್ಷಕ್ಕಿಂತ ಜಾಸ್ತಿ ದುಬಾರಿ.

ಹಾಗಂತ ಎರಡನೆಯವರಿಗೆ ಕೊಟ್ಟುಬಿಡಿ ಅಂತ ಅಲ್ಲ. ಅವರು ಯಾವ ಪೈಪು, ಯಾವ ಶೀಟು ಹಾಕುತ್ತಾರೆ ಅಂತ ಎಲ್ಲಿಯೂ ಇಲ್ಲ ಅಲ್ವಾ?

ಬಿಜೈ_ಕಾರ್ಯದರ್ಶಿ

ಹೌದು ಸರ್! ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ "ಶೀಟ್ ಅಳತೆ, ಜಿಎಸ್‌ಟಿ ಪ್ರತ್ಯೇಕ" ಅಂತ ಉಂಟು. ನಾನು ನೋಡಿಯೇ ಇರಲಿಲ್ಲ. ಎರಡನೆಯವರದ್ದರಲ್ಲಿ "ಉತ್ತಮ ಗುಣಮಟ್ಟದ ಹೆವಿ ಪೈಪ್, ಕಂಪನಿ ಶೀಟ್" ಅಂತ ಮಾತ್ರ.

ಖರೀದಿ_22ವರ್ಷ

"ಹೆವಿ" ಅನ್ನುವ ಶಬ್ದ ಪತ್ರದಲ್ಲಿ ಎಲ್ಲಿಯೂ ಇರಬಾರದು. ಒಂದು ಉದಾಹರಣೆ ಹೇಳುತ್ತೇನೆ. 50ಕ್ಕೆ 50 ಎಂಎಂ ಚೌಕದ ಪೈಪು. ಹೊರಗಿನಿಂದ ನೋಡಿದರೆ 2 ಎಂಎಂ ದಪ್ಪದ್ದೂ ಒಂದೇ, 3 ಎಂಎಂ ದಪ್ಪದ್ದೂ ಒಂದೇ. ಬಣ್ಣ ಹೊಡೆದ ಮೇಲಂತೂ ಯಾರಿಗೂ ಗೊತ್ತಾಗುವುದಿಲ್ಲ. ತೂಕ ಹಾಕಿದರೆ 2 ಎಂಎಂದು ಮೀಟರಿಗೆ ಸುಮಾರು 3 ಕೆಜಿ, 3 ಎಂಎಂದು ನಾಲ್ಕೂಕಾಲರ ಮೇಲೆ. ಆರು ಮೀಟರಿನ ಒಂದು ಉದ್ದಕ್ಕೆ ಏಳೆಂಟು ಕೆಜಿ ವ್ಯತ್ಯಾಸ. ಇಡೀ ಟೆರೇಸ್‌ಗೆ ಎಷ್ಟಾಯಿತು ನೋಡಿ.

ಶೀಟಿನದ್ದೂ ಹಾಗೆಯೇ. ಸುಮ್ನೆ 0.50 ಎಂಎಂ ಅಂತ ಬರೆದರೆ ಸಾಲದು. ಬಣ್ಣ, ಲೇಪನ ಎಲ್ಲ ಸೇರಿ 0.50 ಆ, ಅಥವಾ ಒಳಗಿನ ಉಕ್ಕು ಮಾತ್ರ 0.50 ಆ? ವ್ಯಾಪಾರದಲ್ಲಿ ಮೊದಲನೆಯದಕ್ಕೆ ಟಿಸಿಟಿ, ಎರಡನೆಯದಕ್ಕೆ ಬಿಎಂಟಿ ಅನ್ನುತ್ತಾರೆ. ಒಬ್ಬರು ಒಂದನ್ನು ಹಿಡಿದು, ಇನ್ನೊಬ್ಬರು ಇನ್ನೊಂದನ್ನು ಹಿಡಿದು ದರ ಹಾಕಿದರೆ ಹೋಲಿಕೆ ಅಲ್ಲಿಗೇ ಹೋಯಿತು. ಗ್ಯಾಲ್ವಲ್ಯೂಮ್ ಶೀಟಾದರೆ ಲೇಪನ ಚದರ ಮೀಟರಿಗೆ 150 ಗ್ರಾಂ, ಅಂದರೆ ಎಝಡ್ 150, ಅಂತಲೂ ಬರೆಯಿರಿ.

ಮುಖ್ಯ ವಿಷಯ ಇದು: ನೀವು ಜಾಗ ತೋರಿಸಿ "ಕೊಟೇಷನ್ ಕೊಡಿ" ಅಂದಿರಿ. ಆಗ ಮೂವರೂ ತಮ್ಮ ತಮ್ಮ ತಲೆಯಲ್ಲಿ ಒಂದೊಂದು ಮಾಡು ಕಟ್ಟಿಕೊಂಡು ಅದಕ್ಕೆ ದರ ಹೇಳಿದರು. ಮೂರು ಬೇರೆ ಬೇರೆ ಮಾಡಿನ ದರ ಹೋಲಿಸಲು ಹೇಗೆ ಬರುತ್ತದೆ? ಪ್ರಮಾಣ ನೀವು ಬರೆಯಬೇಕು. ದರ ಮಾತ್ರ ಅವರು ತುಂಬಬೇಕು.

ಬೈಕಂಪಾಡಿ_ಯೂನಿಟ್

ಒಳ್ಳೆಯ ಚರ್ಚೆ. ಒಂದು ಮಾತು, ಜಿಎಸ್‌ಟಿ ಬಿಟ್ಟು ಹೋಲಿಸಿ. ನಮ್ಮ ಯೂನಿಟ್‌ನಲ್ಲಿ ಯಾವಾಗಲೂ ತೆರಿಗೆ ಬಿಟ್ಟ ಮೊತ್ತವನ್ನೇ ನೋಡುವುದು, ಯಾಕೆಂದರೆ ಅದು ನಮಗೆ ಇನ್‌ಪುಟ್ ಆಗಿ ವಾಪಸ್ ಸಿಗುತ್ತದೆ.

ಖರೀದಿ_22ವರ್ಷ

ನೀವು ಕಚ್ಚಾ ಸಾಮಾನು ತರುವಾಗ ಅದು ಸರಿ. ಇವರದ್ದು ವಾಸದ ಅಪಾರ್ಟ್‌ಮೆಂಟ್ ಸಂಘ, ಇವರಿಗೆ ಈ ತೆರಿಗೆ ವಾಪಸ್ ಬರುವುದಿಲ್ಲ. ಜೇಬಿನಿಂದ ಹೋಗುವ ಪೂರ್ತಿ ಮೊತ್ತವನ್ನೇ ಹೋಲಿಸಬೇಕು. ನಿಮ್ಮ ಯೂನಿಟ್‌ನ ಕಟ್ಟಡಕ್ಕೇ ಮಾಡು ಹಾಕಿಸಿದರೂ ಒಮ್ಮೆ ಆಡಿಟರನ್ನು ಕೇಳಿ. ಕಟ್ಟಡದ ಕಾಂಟ್ರಾಕ್ಟ್ ಕೆಲಸಕ್ಕೆ ಇನ್‌ಪುಟ್ ತಡೆದಿದ್ದಾರೆ, ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5).

ಇನ್ನೊಂದು, ಕಾಂಪೊಸಿಷನ್ ಸ್ಕೀಮ್‌ನಲ್ಲಿ ಇರುವ ಸಣ್ಣ ಫ್ಯಾಬ್ರಿಕೇಟರ್‌ಗಳು ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆ ಸಾಲಾಗಿ ಹಾಕುವ ಹಾಗಿಲ್ಲ. ಹಾಗಾಗಿ ಫಾರಂನಲ್ಲಿ ತೆರಿಗೆಗೆ ಒಂದು ಸಾಲು, ಅದರ ಕೆಳಗೆ "ನಾವು ಕೊಡಬೇಕಾದ ಪೂರ್ತಿ ಮೊತ್ತ" ಅಂತ ಒಂದು ಸಾಲು ಇಡಿ. ಹೋಲಿಕೆ ಆ ಕೊನೆಯ ಸಾಲಿನದ್ದು.

ಶೀಟ್_ಕೆಲಸ_ಉಡುಪಿ

ನಾನು ಇದೇ ಕೆಲಸ ಮಾಡುವವನು, ಉಡುಪಿ. ನಮ್ಮ ಕಡೆಯಿಂದಲೂ ಸ್ವಲ್ಪ ಕೇಳಿ. ನಾವು ಚದರಡಿ ದರ ಹೇಳುವುದು ಮೋಸ ಮಾಡಲಿಕ್ಕೆ ಅಲ್ಲ, ಜನ ಫೋನ್ ಮಾಡಿ ಮೊದಲು ಕೇಳುವುದೇ "ಸ್ಕ್ವೇರ್ ಫೀಟಿಗೆ ಎಷ್ಟು" ಅಂತ. ಕೆಲವರು ನಮ್ಮಿಂದ ಅಳತೆ ತೆಗೆಸಿ, ಪೈಪಿನ ಲೆಕ್ಕ ಎಲ್ಲ ಬರೆಸಿಕೊಂಡು, ಅದೇ ಕಾಗದ ಬೇರೆಯವರಿಗೆ ಕೊಟ್ಟು ಅವರಿಂದ ಕಮ್ಮಿಗೆ ಮಾಡಿಸುತ್ತಾರೆ. ನನಗೇ ಹೋದ ವರ್ಷ ಎರಡು ಸಲ ಆಯಿತು. ಅದಕ್ಕೇ ಈಗ ವಿವರ ಬರೆದು ಕೊಡುವುದಿಲ್ಲ.

ನೀವೇ ಡ್ರಾಯಿಂಗ್, ಅಳತೆ ಎಲ್ಲ ಕೊಟ್ಟರೆ ನಾನು ಅರ್ಧ ಗಂಟೆಯಲ್ಲಿ ದರ ತುಂಬಿಸಿ ಕೊಡುತ್ತೇನೆ. ಆದರೆ ಹತ್ತು ಪುಟದ ಇಂಗ್ಲಿಷ್ ಫಾರಂ ಕಳಿಸಬೇಡಿ. ಒಂದು ಪುಟ, ಕನ್ನಡದಲ್ಲಿ, ಪೆನ್ನಿನಲ್ಲಿ ತುಂಬಲು ಆಗುವ ಹಾಗೆ. ಎಕ್ಸೆಲ್ ನಮ್ಮಲ್ಲಿ ಸುಮಾರು ಜನರಿಗೆ ಬರುವುದಿಲ್ಲ.

ಖರೀದಿ_22ವರ್ಷ

ಇವರು ಹೇಳಿದ್ದು ನೂರಕ್ಕೆ ನೂರು ನಿಜ. ಫಾರಂ ಉದ್ದ ಆದಷ್ಟೂ ಒಳ್ಳೆಯ ಕೆಲಸಗಾರರು ಬಿಟ್ಟು ಹೋಗುತ್ತಾರೆ.

ಡ್ರಾಯಿಂಗ್ ವಿಷಯಕ್ಕೆ ಬಂದರೆ, ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ಒಂದು ಪುಟದ ಡ್ರಾಯಿಂಗ್ ಮಾಡಿಸಿ. ಮಂಗಳೂರಿಗೆ ಐಎಸ್ 875 ಅನ್ನುವ ಭಾರತೀಯ ಮಾನದಂಡದ 3ನೇ ಭಾಗದಲ್ಲಿ ಗಾಳಿಯ ಮೂಲ ವೇಗ ಸೆಕೆಂಡಿಗೆ 39 ಮೀಟರ್ ಅಂತ ಕೊಟ್ಟಿದೆ. ಬದಿ ತೆರೆದ ಮಾಡನ್ನು ಗಾಳಿ ಕೆಳಗಿನಿಂದ ಎತ್ತುತ್ತದೆ. ಕಂಬದ ಬುಡದ ಬೋಲ್ಟ್ ಎಷ್ಟು, ಟ್ರಸ್ ಎಷ್ಟು ಅಡಿಗೊಂದು ಅನ್ನುವುದನ್ನು ಫ್ಯಾಬ್ರಿಕೇಟರ್‌ಗಳ ಅಂದಾಜಿಗೆ ಬಿಟ್ಟರೆ ಮತ್ತೆ ಮೂರು ಮಾಡು ಆಗುತ್ತದೆ.

ಡ್ರಾಯಿಂಗ್ ಬಂದರೆ ಕಬ್ಬಿಣ ಎಷ್ಟು ಕೆಜಿ ಅಂತ ಲೆಕ್ಕ ಸಿಗುತ್ತದೆ. ಆಗ ಫಾರಂ ಇಷ್ಟೇ:

```
ಕ್ರ. ಕೆಲಸ                        ಪ್ರಮಾಣ         ದರ     ಮೊತ್ತ
1   ಟ್ರಸ್, ಪರ್ಲಿನ್, ಕಂಬ           ____ ಕೆಜಿ       ___    ___
2   ಶೀಟ್, ಸ್ಕ್ರೂ ಸಹಿತ             2,460 ಚದರಡಿ   ___    ___
3   ರಿಡ್ಜ್                       54 ಅಡಿ        ___    ___
4   ಗಟರ್                        108 ಅಡಿ       ___    ___
5   ನೀರಿಳಿಯುವ ಪೈಪು              4             ___    ___
6   ಸಾಗಣೆ, ಮೇಲೆತ್ತುವುದು          ಒಟ್ಟು          -      ___
7   ಜಿಎಸ್‌ಟಿ                                          ___
8   ನಾವು ಕೊಡಬೇಕಾದ ಪೂರ್ತಿ ಮೊತ್ತ                      ___
```

ಮೇಲೆ ನಾಲ್ಕೇ ಸಾಲು ಬರೆಯಿರಿ. ಪೈಪು, ಶೀಟು ಡ್ರಾಯಿಂಗ್‌ನಲ್ಲಿ ಇರುವ ದಪ್ಪದ್ದೇ. ಶೀಟ್ ಅಳತೆ ಅಂದರೆ ಹಾಸಿದ ಮೇಲಿನ ಅಳತೆ, ಒಂದರ ಮೇಲೊಂದು ಬರುವ ಭಾಗ ಲೆಕ್ಕಕ್ಕಿಲ್ಲ. ಯಾವ ಸಾಲನ್ನೂ ಖಾಲಿ ಬಿಡಬೇಡಿ, ಬೇರೆ ದರದಲ್ಲಿ ಸೇರಿದ್ದರೆ "ಸೇರಿದೆ" ಅಂತ ಬರೆಯಿರಿ. ನಿಮಗೆ ಬೇರೆ ರೀತಿ ಮಾಡುವುದು ಒಳ್ಳೆಯದು ಅನಿಸಿದರೆ ಮೊದಲು ಈ ಫಾರಂ ಪೂರ್ತಿ ತುಂಬಿ, ನಿಮ್ಮ ಸಲಹೆಯನ್ನು ಬೇರೆ ಹಾಳೆಯಲ್ಲಿ ದರದ ಜೊತೆ ಕೊಡಿ.

ಆ ಕೊನೆಯ ಸಾಲು ಬಿಡಬೇಡಿ. ಅನುಭವ ಇರುವವರ ಹತ್ತಿರ ನಿಜವಾಗಿ ಒಳ್ಳೆಯ ಐಡಿಯಾ ಇರುತ್ತದೆ. ಅದನ್ನು ಫಾರಂ ಒಳಗೇ ತುರುಕಿದರೆ ಮಾತ್ರ ಹೋಲಿಕೆ ಕೆಡುತ್ತದೆ.

ಕುಂದಾಪುರ_ಟೀಚರ್

ನಮ್ಮ ಶಾಲೆಯ ಅನುಭವ ಹೇಳಲಾ? ಸಿಸಿಟಿವಿಗೆ ಕೊಟೇಷನ್ ಕೇಳುವಾಗ ನಾವು ಎಲ್ಲವನ್ನೂ ಬರೆದೆವು, 8 ಕ್ಯಾಮೆರಾ, 1 ಟಿಬಿ ಹಾರ್ಡ್ ಡಿಸ್ಕ್ ಅಂತ. ಎಲ್ಲರೂ ಅದಕ್ಕೇ ದರ ಕೊಟ್ಟರು, ಹೋಲಿಕೆ ಚೆನ್ನಾಗಿಯೇ ಆಯಿತು. ಹಾಕಿಸಿದ ಮೇಲೆ ನೋಡಿದರೆ ಒಂದು ತಿಂಗಳ ರೆಕಾರ್ಡಿಂಗ್ ನಿಲ್ಲುವುದೇ ಇಲ್ಲ, ಹಳೆಯದು ಅಳಿಸಿ ಹೋಗುತ್ತದೆ. ಹಾಕಿದವರು ನೀವು ಕೇಳಿದ್ದನ್ನೇ ಕೊಟ್ಟಿದ್ದೇವೆ ಅಂದರು. ಅವರದ್ದು ತಪ್ಪಲ್ಲ. ನಮಗೆ ಬೇಕಿದ್ದದ್ದು 30 ದಿನದ ರೆಕಾರ್ಡಿಂಗ್, ನಾವು ಕೇಳಿದ್ದು 1 ಟಿಬಿ. ನಮಗೆ ಗೊತ್ತಿಲ್ಲದ ವಿಷಯದಲ್ಲಿ ಎಷ್ಟು ಸಾಮಾನು ಅಂತ ನಾವೇ ಬರೆಯಬಾರದು ಅಂತ ನನ್ನ ಅಭಿಪ್ರಾಯ.

ಖರೀದಿ_22ವರ್ಷ

ಟೀಚರ್, ನಿಮ್ಮ ಮಾತು ಸರಿ. ಬರೆಯುವವರಿಗೆ ವಿಷಯ ಗೊತ್ತಿಲ್ಲದಿದ್ದರೆ ಎಲ್ಲರೂ ಒಂದೇ ತಪ್ಪಿಗೆ ದರ ಕೊಡುತ್ತಾರೆ. ಅದಕ್ಕೇ ಇಲ್ಲಿ ಇಂಜಿನಿಯರ್ ಡ್ರಾಯಿಂಗ್ ಅಂದದ್ದು. ನಿಮ್ಮ ಹಾಗೆ ಇರುವಾಗ "30 ದಿನ ನಿಲ್ಲಬೇಕು, ಅದಕ್ಕೆ ಎಷ್ಟು ಡಿಸ್ಕ್ ಹಾಕುತ್ತೀರಿ ಬರೆಯಿರಿ" ಅಂತ ಎರಡೂ ಕೇಳಬಹುದು.

ಶೀಟ್_ಕೆಲಸ_ಉಡುಪಿ

ಕಬ್ಬಿಣಕ್ಕೆ ಕೆಜಿ ಲೆಕ್ಕ ಹಾಕಿದ್ದೀರಲ್ಲ, ಅಲ್ಲೊಂದು ತೊಡಕು ಉಂಟು. ಚದರಡಿ ಲೆಕ್ಕ ಅಂದರೆ ಕೆಲವರು ಪೈಪು ತೆಳು ಹಾಕುತ್ತಾರೆ. ಕೆಜಿ ಲೆಕ್ಕ ಅಂದರೆ ಬೇಡದ ಕಡೆಯೂ ಪೈಪು ಕೂರಿಸುತ್ತಾರೆ. ಎರಡೂ ನೋಡಿದ್ದೇನೆ.

ಖರೀದಿ_22ವರ್ಷ

ಅದಕ್ಕೆ ಡ್ರಾಯಿಂಗ್‌ನ ಕೆಜಿಗಿಂತ ಜಾಸ್ತಿ ಆದರೆ ಹಣ ಇಲ್ಲ, ಇಂಜಿನಿಯರ್ ಬರೆದು ಒಪ್ಪಿದರೆ ಮಾತ್ರ ಅಂತ ಹಾಕಬೇಕು. ಕಮ್ಮಿ ಆದರೆ ತೂಕದ ಚೀಟಿ ಪ್ರಕಾರ. ಲಾರಿಯನ್ನು ವೇ ಬ್ರಿಡ್ಜ್‌ನಲ್ಲಿ ತುಂಬಿದಾಗ ಒಮ್ಮೆ, ಖಾಲಿಯಾದಾಗ ಒಮ್ಮೆ ತೂಗಿಸಿ.

ಶೀಟ್_ಕೆಲಸ_ಉಡುಪಿ

ಕಟಿಂಗ್‌ನಲ್ಲಿ ಹೋಗುವ ತುಂಡುಗಳ ತೂಕ ಯಾರ ಲೆಕ್ಕ? ಲಾರಿ ತೂಗಿದರೆ ಅದೂ ಸೇರುತ್ತದೆ, ಡ್ರಾಯಿಂಗ್‌ನಲ್ಲಿ ಅದು ಇರುವುದಿಲ್ಲ. ಇದಕ್ಕೇ ನನಗೆ ಕೆಜಿ ಲೆಕ್ಕ ಅಷ್ಟು ಇಷ್ಟ ಇಲ್ಲ. ಡ್ರಾಯಿಂಗ್ ಪ್ರಕಾರ ಪೂರ್ತಿ ಕೆಲಸಕ್ಕೆ ಇಷ್ಟು ಅಂತ ಒಂದೇ ಮೊತ್ತ ಮಾಡಿದರೆ ಇಬ್ಬರಿಗೂ ನೆಮ್ಮದಿ.

ಖರೀದಿ_22ವರ್ಷ

ಒಂದೇ ಮೊತ್ತ ಆದರೆ ನಡುವೆ ಎರಡು ಕಂಬ ಜಾಸ್ತಿ ಬೇಕಾದರೆ ಎಷ್ಟು ಕೊಡುವುದು? ಆಗ ದರ ಕೈಯಲ್ಲಿ ಇರಬೇಕು. ತುಂಡುಗಳ ವಿಷಯ ಮಾತ್ರ ನೀವು ಸರಿಯಾಗಿಯೇ ಹಿಡಿದಿರಿ. "ತುಂಡು, ವೇಸ್ಟೇಜ್ ಕೆಜಿ ದರದಲ್ಲೇ ಸೇರಿಸಿಕೊಳ್ಳಿ, ಹಣ ಕೊಡುವುದು ಡ್ರಾಯಿಂಗ್ ತೂಕಕ್ಕೆ" ಅಂತ ಮೊದಲೇ ಬರೆದರೆ ಎಲ್ಲರೂ ಒಂದೇ ರೀತಿ ಲೆಕ್ಕ ಹಾಕುತ್ತಾರೆ. ಕೆಜಿಯಾ, ಒಂದೇ ಮೊತ್ತವಾ ಅನ್ನುವುದರಲ್ಲಿ ನಮ್ಮಿಬ್ಬರಿಗೆ ಒಮ್ಮತ ಆಗಲಿಕ್ಕಿಲ್ಲ.

ಮಣಿಪಾಲ_ಲೆಕ್ಕ

ನಾನು ಅಕೌಂಟ್ಸ್ ನೋಡುವವಳು. ಎರಡು ವಿಷಯ ಬಿಟ್ಟು ಹೋಗಿದೆ. ಒಂದು, ದರ ಎಷ್ಟು ದಿನಕ್ಕೆ ಅಂತ. ಕಬ್ಬಿಣದ ರೇಟು ಏರಿಳಿಯುತ್ತದೆ ಅಂತ ಕೆಲವರು ಏಳು ದಿನ ಮಾತ್ರ ಅಂತ ಬರೆಯುತ್ತಾರೆ. ನಿಮ್ಮ ಸಂಘದ ಸಭೆ ಕರೆಯಲಿಕ್ಕೇ ಹದಿನೈದು ದಿನ ಬೇಕು. ಎಲ್ಲರಿಗೂ ಒಂದೇ ಅವಧಿ, 30 ದಿನ ಅಂತ ನೀವೇ ಹಾಕಿ.

ಇನ್ನೊಂದು, ಹಣ ಕೊಡುವ ಕ್ರಮ. ಅದನ್ನೂ ನೀವೇ ಹೇಳಿ. ಒಬ್ಬರು 30 ಪರ್ಸೆಂಟ್ ಅಡ್ವಾನ್ಸಿಗೆ, ಇನ್ನೊಬ್ಬರು 60 ಪರ್ಸೆಂಟ್ ಅಡ್ವಾನ್ಸಿಗೆ ದರ ಕೊಟ್ಟರೆ ಅದು ಒಂದೇ ದರ ಅಲ್ಲ. ಮತ್ತೆ ಯಾರಾದರೂ ಒಬ್ಬರು ಫೋನ್ ಮಾಡಿ ಡೌಟ್ ಕೇಳಿದರೆ, ಉತ್ತರವನ್ನು ಎಲ್ಲರಿಗೂ ವಾಟ್ಸಾಪ್ ಮಾಡಿ, ಕೇಳಿದವರ ಹೆಸರು ಹಾಕದೆ.

ಬಿಜೈ_ಕಾರ್ಯದರ್ಶಿ

(ಮೂರು ವಾರ ಬಿಟ್ಟು)

ಎಲ್ಲರಿಗೂ ತುಂಬ ಉಪಕಾರ ಆಯಿತು. ಇಂಜಿನಿಯರ್ 12,000 ತೆಗೆದುಕೊಂಡು ಡ್ರಾಯಿಂಗ್ ಕೊಟ್ಟರು. ಕಬ್ಬಿಣ 2,300 ಕೆಜಿ ಬಂತು. ಐದು ಜನರಿಗೆ ಒಂದು ಪುಟದ ಫಾರಂ ಕೊಟ್ಟೆ, ಒಂದೇ ಭಾನುವಾರ ಎಲ್ಲರನ್ನೂ ಟೆರೇಸಿಗೆ ಕರೆದೆ. ಒಬ್ಬರು ಬರಲಿಲ್ಲ, ಒಬ್ಬರು ಫಾರಂ ಬಿಟ್ಟು ಮತ್ತೆ ಲೆಟರ್‌ಹೆಡ್‌ನಲ್ಲೇ ಚದರಡಿ ದರ ಬರೆದರು, ಅದನ್ನು ಬದಿಗಿಟ್ಟೆ. ಮೊದಲಿನ ಮೂವರೂ ತುಂಬಿ ಕೊಟ್ಟರು.

ಮೊದಲು 210 ಅಂದವರದ್ದು ಈಗ ಕಬ್ಬಿಣ 108, ಶೀಟ್ 72, ಮೇಲೆತ್ತಲು 18,000, ತೆರಿಗೆ ಎಲ್ಲ ಸೇರಿ 5,78,483. ಮೊದಲಿನ ಲೆಕ್ಕಕ್ಕಿಂತ ಕಮ್ಮಿ ಆಯಿತು. ಎಲ್ಲ ಕಡೆ ದಪ್ಪ ಪೈಪು ಹಿಡಿದಿದ್ದೆ, ಡ್ರಾಯಿಂಗ್‌ನಲ್ಲಿ ಅಷ್ಟು ಬೇಡ ಅಂತ ಇತ್ತು ಅಂದರು.

245, ಎಲ್ಲ ಸೇರಿ ಅಂದವರದ್ದು 4,90,000 ಇದ್ದದ್ದು 6,05,788 ಆಯಿತು! ಕೇಳಿದೆ. ಅವರು ಮುಚ್ಚಿಡಲಿಲ್ಲ, ಮೊದಲು 2 ಎಂಎಂ ಪೈಪು ಮತ್ತು ತೆಳು ಶೀಟ್ ಲೆಕ್ಕ ಹಾಕಿದ್ದೆ ಅಂದರು.

ಮೂರನೆಯವರದ್ದು ಕಬ್ಬಿಣ 105, ಶೀಟ್ 68. ಆದರೆ 6ನೇ ಸಾಲು ಖಾಲಿ. ಅದನ್ನು ಬಿಟ್ಟು ತೆರಿಗೆಗೆ ಮುಂಚೆ 4,53,880. ಈಗ ಎಂತ ಮಾಡುವುದು?

ಖರೀದಿ_22ವರ್ಷ

ಖಾಲಿ ಇದ್ದದ್ದನ್ನು ಸೊನ್ನೆ ಅಂತ ಹಿಡಿಯಬೇಡಿ. ಹೋಲಿಕೆಗೆ, ಬೇರೆಯವರು ಆ ಸಾಲಿಗೆ ಹಾಕಿದ್ದರಲ್ಲಿ ಜಾಸ್ತಿ ಇರುವುದನ್ನು ಸೇರಿಸುವುದು ರೂಢಿ. 18,000 ಸೇರಿಸಿ, ತೆರಿಗೆ ಹಾಕಿದರೆ 5,56,818. ಆದರೆ ಇದು ಲೆಕ್ಕಕ್ಕೆ ಮಾತ್ರ. ಆರ್ಡರ್ ಕೊಡುವ ಮುಂಚೆ ಬರಹದಲ್ಲಿ ಕೇಳಲೇಬೇಕು.

ಮಣಿಪಾಲ_ಲೆಕ್ಕ

ಕೇಳುವಾಗ ಬೇರೆಯವರ ಮೊತ್ತ ಎಷ್ಟು ಅಂತ ಬಾಯಿ ತಪ್ಪಿಯೂ ಹೇಳಬೇಡಿ. ಆ ಒಂದು ಸಾಲು ಮಾತ್ರ ತುಂಬಿಸಿ. ಉಳಿದ ದರ ಮುಟ್ಟುವ ಹಾಗಿಲ್ಲ.

ಬಿಜೈ_ಕಾರ್ಯದರ್ಶಿ

ಕೇಳಿದೆ. ಮೇಲೆತ್ತಲು 32,000 ಅಂತ ಬರೆದು ಸಹಿ ಹಾಕಿ ಕೊಟ್ಟರು. ಅವರಿಗೆ ಕ್ರೇನ್ ಬೇಕಂತೆ, ಉಳಿದ ಇಬ್ಬರು ಹಗ್ಗ, ರಾಟೆಯಲ್ಲಿ ಎತ್ತುತ್ತಾರೆ. ಈಗ 5,73,338. ಮೊದಲನೆಯವರಿಗೂ ಇವರಿಗೂ ಸುಮಾರು ಐದು ಸಾವಿರ ವ್ಯತ್ಯಾಸ ಅಷ್ಟೆ. ಜೊತೆಗೆ ಇವರು ನಾವು ಹೇಳಿದ 30 ಪರ್ಸೆಂಟ್ ಅಡ್ವಾನ್ಸ್ ಹೊಡೆದು ಹಾಕಿ 60 ಅಂತ ಬರೆದಿದ್ದಾರೆ. ಮೊದಲನೆಯವರು 30ಕ್ಕೇ ಒಪ್ಪಿದ್ದಾರೆ.

ಮಣಿಪಾಲ_ಲೆಕ್ಕ

ಹಾಗಾದರೆ ಐದು ಸಾವಿರ ಉಳಿಸಲು ಇನ್ನೂ 1,70,000 ರೂಪಾಯಿ ಮುಂಚೆಯೇ ಕೊಟ್ಟು ಕೂರಬೇಕು. ನಾನಾದರೆ ಮೊದಲನೆಯವರು.

ಬೈಕಂಪಾಡಿ_ಯೂನಿಟ್

60ರವರನ್ನು 30ಕ್ಕೆ ಒಪ್ಪಿಸಿ ನೋಡಿ, ಆಮೇಲೆ ಬಿಡಿ. ಐದು ಸಾವಿರವೂ ಸಂಘದ ದುಡ್ಡೇ ಅಲ್ವಾ.

ಶೀಟ್_ಕೆಲಸ_ಉಡುಪಿ

ಒಂದು ಕೇಳುತ್ತೇನೆ, ಇಬ್ಬರೂ ಸ್ಕ್ರೂ ಯಾವುದು ಅಂತ ಬರೆದಿದ್ದಾರಾ? ಫಾರಂನಲ್ಲಿ "ಸ್ಕ್ರೂ ಸಹಿತ" ಅಂತ ಮಾತ್ರ ಇತ್ತು. ಸಮುದ್ರದ ಗಾಳಿಗೆ ಮೊದಲು ತುಕ್ಕು ಹಿಡಿಯುವುದು ಸ್ಕ್ರೂ ತಲೆ, ಶೀಟ್ ಅಲ್ಲ. ಅಲ್ಲಿಂದಲೇ ಮತ್ತೆ ಸೋರಲು ಶುರು.

ಬಿಜೈ_ಕಾರ್ಯದರ್ಶಿ

ಅಯ್ಯೋ, ಅದು ಬಿಟ್ಟೇ ಹೋಯಿತು ಮಾರಾಯ್ರೇ. ಡ್ರಾಯಿಂಗ್‌ನಲ್ಲೂ ಇಲ್ಲ. ಇಂಜಿನಿಯರನ್ನು ಕೇಳಿ ಯಾವ ಸ್ಕ್ರೂ, ಯಾವ ವಾಷರ್ ಅಂತ ಬರೆಸಿ, ನಾಳೆ ಮೂವರಿಗೂ ಒಂದೇ ಮೆಸೇಜ್ ಹಾಕುತ್ತೇನೆ. 2ನೇ ಸಾಲಿನ ದರ ಬದಲಾಗುವುದಿದ್ದರೆ ಶನಿವಾರದೊಳಗೆ ಬರೆದು ಕೊಡಿ ಅಂತ. ಸಭೆ ಭಾನುವಾರ ಉಂಟು.